ದೊಡ್ಡ ಎಸ್‌ಎಸ್‌ಡಿ ಹಾಕಿದರೂ ಸಿ ಡ್ರೈವ್ ಯಾಕೆ ಬೆಳೆಯುವುದಿಲ್ಲ?

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನ 256 ಜಿಬಿ ಎಸ್‌ಎಸ್‌ಡಿ ತುಂಬಿದೆ, 1 ಟಿಬಿಯದನ್ನು ಹಾಕಬೇಕು. ಆದರೆ ವಿಂಡೋಸ್, ನುಡಿ, ಪ್ರಿಂಟರ್ ಡ್ರೈವರ್ ಯಾವುದನ್ನೂ ಮತ್ತೆ ಇನ್‌ಸ್ಟಾಲ್ ಮಾಡುವ ಹಾಗಿರಬಾರದು. ಫೈಲುಗಳನ್ನಷ್ಟೇ ಕಾಪಿ ಮಾಡಿದರೆ ಇದು ಆಗುವುದಿಲ್ಲ. ಕಂಪ್ಯೂಟರನ್ನು ಶುರು ಮಾಡಿಸುವ ಪುಟ್ಟ ಬೂಟ್ ಪಾರ್ಟಿಷನ್ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣಿಸುವುದೇ ಇಲ್ಲ. ಅದನ್ನೂ ಸೇರಿಸಿ ಇಡೀ ಡಿಸ್ಕನ್ನು ಇದ್ದಂತೆಯೇ ನಕಲು ಮಾಡುವುದೇ ಕ್ಲೋನಿಂಗ್. ಹೊಸ ಎಸ್‌ಎಸ್‌ಡಿಯನ್ನು ಅದಕ್ಕೆ ಹೊಂದುವ ಯುಎಸ್‌ಬಿ ಕೇಸಿನಲ್ಲಿಟ್ಟು, ಮ್ಯಾಕ್ರಿಯಂ ರಿಫ್ಲೆಕ್ಟ್ ಅಥವಾ ಕ್ಲೋನ್‌ಜಿಲ್ಲಾದಂಥ ತಂತ್ರಾಂಶದಿಂದ ಈ ಕೆಲಸ ಮಾಡುತ್ತಾರೆ.

ಮೊದಲು ಎನ್‌ಕ್ರಿಪ್ಷನ್ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ನಾವು ಕೇಳದೆಯೇ ಚಾಲೂ ಆಗಿರುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಹೀಗೆ ಟೈಪ್ ಮಾಡಿದರೆ ಗೊತ್ತಾಗುತ್ತದೆ:

```
manage-bde -status C:
```

ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಂಡು, ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಿರಿ. ಸುಮ್ಮನೆ ಸಸ್ಪೆಂಡ್ ಮಾಡಿದರೆ ಸಾಲದು, ಡಿಸ್ಕಿನ ಮೇಲಿನ ದತ್ತಾಂಶ ಆಗಲೂ ಗೂಢಲಿಪಿಯಲ್ಲೇ ಇರುತ್ತದೆ.

ಬಹಳ ಜನ ಕಂಗಾಲಾಗುವುದು ಕ್ಲೋನ್ ಮುಗಿದ ಮೇಲೆ. ಹಳೆಯ ಡಿಸ್ಕನ್ನು ವಿಂಡೋಸ್ ಸುಮಾರು 238 ಜಿಬಿ ಎನ್ನುತ್ತಿತ್ತು, ಹೊಸದನ್ನು 931 ಎನ್ನುತ್ತದೆ. ಆದರೆ ಸಿ ಡ್ರೈವ್ ಮಾತ್ರ ಇದ್ದಷ್ಟೇ ಇದೆ. ಉಳಿದ 693 ಜಿಬಿ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ Unallocated ಎಂದು ಖಾಲಿ ಬಿದ್ದಿದೆ, Extend Volume ಮಸುಕಾಗಿದೆ. ಕಾರಣ, ಸಿ ಡ್ರೈವಿನ ಬೆನ್ನಿಗೇ ಕೂತಿರುವ ರಿಕವರಿ ಪಾರ್ಟಿಷನ್. ನಡುವೆ ಬೇರೆಯವರ ಮನೆಯಿದ್ದರೆ ಅದರಾಚೆಯ ಸೈಟಿಗೆ ನಮ್ಮ ಮನೆ ಹಿಗ್ಗಿಸಲು ಆಗದಲ್ಲ, ಹಾಗೆ. ವಿಂಡೋಸ್ ತನಗೆ ಬಲಗಡೆಯಿಂದ ಅಂಟಿಕೊಂಡ ಖಾಲಿ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ.

ಆದ್ದರಿಂದ ನಕಲು ಮಾಡುವಾಗಲೇ ವಿನ್ಯಾಸ ಬದಲಿಸುವುದು ಒಳ್ಳೆಯದು. ಮ್ಯಾಕ್ರಿಯಂನಂಥ ತಂತ್ರಾಂಶದಲ್ಲಿ ಬೂಟ್ ಪಾರ್ಟಿಷನ್ ಮೊದಲು, ರಿಕವರಿ ಕೊಟ್ಟಕೊನೆಗೆ, ಮಧ್ಯದ ಜಾಗವೆಲ್ಲ ಸಿ ಡ್ರೈವಿಗೆ ಬರುವಂತೆ ಜೋಡಿಸಬಹುದು. ಆಗಲೇ ಕ್ಲೋನ್ ಆಗಿಹೋಗಿದ್ದರೆ ಜಿಪಾರ್ಟೆಡ್‌ನಿಂದ ರಿಕವರಿಯನ್ನು ಕೊನೆಗೆ ಸರಿಸಿ, ಸಿ ಹಿಗ್ಗಿಸಿ. ಸರಿಸುವ ಮೊದಲು `reagentc /disable`, ಆಮೇಲೆ `reagentc /enable` ಕೊಡಬೇಕು. ರಿಕವರಿ ಇರುವ ಜಾಗ ಬದಲಾದದ್ದು ವಿಂಡೋಸಿಗೆ ಗೊತ್ತಾಗುವುದು ಹೀಗೆ. `reagentc /info` ಎಂದಾಗ Enabled ಬಂದರೆ ಎಲ್ಲ ಸರಿಯಿದೆ.

ನಕಲು ಮುಗಿದೊಡನೆ ಲ್ಯಾಪ್‌ಟಾಪ್ ಪೂರ್ತಿ ಆರಿಸಿ ಹೊಸದನ್ನು ಒಳಗೆ ಹಾಕಿ. ಮೊದಲ ಸಲ ಶುರು ಮಾಡುವಾಗ ಹಳೆಯದು ಯುಎಸ್‌ಬಿಯಲ್ಲಿ ಇರಬಾರದು. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು, ಇಲ್ಲವೇ ಯಾವುದರಿಂದ ಬೂಟ್ ಆಯಿತೆಂದೇ ನಮಗೆ ತಿಳಿಯದೆ ಹೋಗಬಹುದು. ಕೆಲವು ವಾರ ಎಲ್ಲ ಸರಿಯಾಗಿ ನಡೆಯುವವರೆಗೆ ಹಳೆಯದನ್ನು ಅಳಿಸಬೇಡಿ. ಆಫ್ ಮಾಡಿದ್ದ ಎನ್‌ಕ್ರಿಪ್ಷನನ್ನು ಹೊಸದರಲ್ಲಿ ಮತ್ತೆ ಆನ್ ಮಾಡಿ. ಹಳೆಯದರಲ್ಲಿ ನಿಮ್ಮ ಕಡತಗಳೆಲ್ಲ ಈಗ ಬೀಗವಿಲ್ಲದೆ ಇರುವುದರಿಂದ ಅದನ್ನು ಮನೆಯಲ್ಲೇ ಜೋಪಾನವಾಗಿಡಿ.