ಹ್ಯಾಂಡ್‌ಬ್ರೇಕ್ ಬಿಟ್ಟರೂ ಆರದ ಕೆಂಪು ದೀಪ

ಚಾರ್ಮಾಡಿ ಘಾಟಿಯ ಮೂರನೆಯ ತಿರುವಿನಲ್ಲೋ ನಾಲ್ಕನೆಯದರಲ್ಲೋ ಚಿಕ್ಕಪ್ಪನ ಕಾರಿನ ಮೀಟರಿನಲ್ಲಿ ಕೆಂಪು ದೀಪ ಹೊತ್ತಿತು. ವೃತ್ತದೊಳಗೆ ಒಂದು ಉದ್ಗಾರ ಚಿಹ್ನೆ, ವೃತ್ತದ ಎರಡೂ ಪಕ್ಕಕ್ಕೆ ಕಂಸದ ಹಾಗೆ ಬಾಗಿದ ಗೆರೆ. ತಿರುವು ಮುಗಿದು ಕಾರು ನೇರವಾದ ಕೂಡಲೇ ದೀಪ ಆರಿತು. "ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿರಲಿಲ್ಲ ಕಾಣತ್ತೆ ಕಣೋ" ಎಂದು ಅವರು ಲಿವರನ್ನು ಒಮ್ಮೆ ಎಳೆದು, ನೆಲಕ್ಕೆ ತಾಗುವ ಹಾಗೆ ಬಿಟ್ಟರು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮತ್ತೆ ಹೊತ್ತಿತು.

ಚಿಕ್ಕಪ್ಪನ ಊಹೆ ತಪ್ಪಲ್ಲ. ನಮ್ಮಲ್ಲಿ ಓಡುವ ಬಹಳಷ್ಟು ಕಾರುಗಳಲ್ಲಿ ಈ ಒಂದೇ ದೀಪಕ್ಕೆ ಎರಡು ಕೆಲಸ. ಹ್ಯಾಂಡ್‌ಬ್ರೇಕ್ ಲಿವರಿನ ಬುಡದಲ್ಲಿ ಒಂದು ಚಿಕ್ಕ ಸ್ವಿಚ್ ಇದೆ, ಲಿವರ್ ಒಂದು ಹಲ್ಲು ಮೇಲೆದ್ದರೂ ದೀಪ ಹೊತ್ತುತ್ತದೆ. ಇನ್ನೊಂದು ಸ್ವಿಚ್ ಬಾನೆಟ್ಟಿನ ಕೆಳಗೆ, ಬ್ರೇಕ್ ಆಯಿಲ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಅಲ್ಲಿ ಆಯಿಲಿನ ಮೇಲೆ ತೇಲುವ ಒಂದು ಬೆಂಡು, ಮಟ್ಟ ಇಳಿದಂತೆ ತಾನೂ ಇಳಿದು, ತೀರಾ ಕೆಳಗೆ ಬಂದಾಗ ಅದೇ ದೀಪವನ್ನು ಹೊತ್ತಿಸುತ್ತದೆ. ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೆ ಬೇರೆಯೇ ದೀಪವಿದ್ದು, ವೃತ್ತದೊಳಗೆ 'ಪಿ' ಅಕ್ಷರ ಕಾಣುತ್ತದೆ. ಅಂಥ ಕಾರಿನಲ್ಲಿ ಯಾವುದು ಯಾವುದಕ್ಕೆಂದು ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಿದರೆ ತಿಳಿಯುತ್ತದೆ.

ಎರಡರಲ್ಲಿ ಯಾವ ಸ್ವಿಚ್ ಮಾತಾಡುತ್ತಿದೆ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಹ್ಯಾಂಡ್‌ಬ್ರೇಕಿನ ತೊಂದರೆಯಾದರೆ ದೀಪ ಲಿವರಿನ ಮಾತು ಕೇಳುತ್ತದೆ: ಅದನ್ನು ಕೈಯಲ್ಲಿ ಕೆಳಕ್ಕೆ ಒತ್ತಿ ಹಿಡಿದರೆ ಆರುತ್ತದೆ, ಬಿಟ್ಟರೆ ಮಿನುಗುತ್ತದೆ. ಆಯಿಲಿನ ತೊಂದರೆಯಾದರೆ ದೀಪ ರಸ್ತೆಯ ಮಾತು ಕೇಳುತ್ತದೆ. ಮಟ್ಟ ಇನ್ನೇನು ಕೆಳಗೆರೆ ತಲುಪುತ್ತಿರುವಾಗ, ಇಳಿಜಾರಿನಲ್ಲಿ, ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಡಬ್ಬಿಯೊಳಗಿನ ಆಯಿಲ್ ಒಂದು ಕಡೆಗೆ ವಾಲಿ, ಬೆಂಡು ಕ್ಷಣಮಾತ್ರ ಕೆಳಗಿಳಿಯುತ್ತದೆ. ಸಮತಟ್ಟಾದ ಜಾಗಕ್ಕೆ ಬಂದರೆ ಎಲ್ಲ ಸರಿಯಾದಂತೆ ಕಾಣುತ್ತದೆ. ಬಯಲುಸೀಮೆಯಲ್ಲಿ ಓಡುವ ಕಾರಿಗೆ ಇನ್ನೂ ಕೆಲವು ವಾರ ತಡವಾಗಿ ಕಾಣಬಹುದಾದ ಸೂಚನೆ ಘಾಟಿ ಇಳಿಯುವವರಿಗೆ ಮೊದಲೇ ಸಿಗುತ್ತದೆ.

ಉಜಿರೆಗೆ ಬಂದಾಗ ಚಿಕ್ಕಪ್ಪ ರಸ್ತೆ ಬದಿಯ ಒಂದು ಅಂಗಡಿಯಲ್ಲಿ ಬಾನೆಟ್ ಎತ್ತಿಸಿದರು. ಆಯಿಲ್ ಕೆಳಗೆರೆಯ ಹತ್ತಿರವಿತ್ತು. ಅಂಗಡಿಯ ಹುಡುಗ ಮೇಲಿನ ಗೆರೆಯವರೆಗೆ ತುಂಬಿಸಿದ, ದೀಪ ಆರಿತು, ಮಂಗಳೂರಿಗೆ ಹೋಗಿ ಬಂದದ್ದೂ ಆಯಿತು. ಆಯಿಲ್ ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆಯನ್ನು ಅಂದು ಯಾರೂ ಕೇಳಲಿಲ್ಲ. ಅದನ್ನು ಕೇಳಲೇಬೇಕಿತ್ತು, ಏಕೆಂದರೆ ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಉರಿದು ಹೋಗುವುದಿಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಇರುವ ದ್ರವ. ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದರೆ ಒಂದೋ ಅದು ಹೊರಗೆ ಸೋರಿದೆ, ಇಲ್ಲವೇ ಕೊಳವೆಯ ಆಚೆ ತುದಿಯಲ್ಲಿ ಅದು ತುಂಬಬೇಕಾದ ಜಾಗ ದೊಡ್ಡದಾಗಿದೆ. ಈ ಎರಡನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮುಂದಿನ ಚಕ್ರದ ಒಳಗೆ ತಿರುಗುವ ಉಕ್ಕಿನಂಥ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ತುಂಡುಗಳು ಪ್ಯಾಡುಗಳು. ಪ್ಯಾಡುಗಳನ್ನು ಅದುಮುವ ಇಕ್ಕಳವೇ ಕ್ಯಾಲಿಪರ್, ಅದರೊಳಗೆ ಒಂದು ಪಿಸ್ಟನ್. ನಾವು ಪೆಡಲ್ ಒತ್ತಿದಾಗ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಬಳೆ ಇದೆ. ಒತ್ತಿದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ, ಕಾಲು ತೆಗೆದಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಅಷ್ಟೇ. ಪ್ಯಾಡ್ ಸವೆದಿದ್ದರೆ ಪಿಸ್ಟನ್ ರಬ್ಬರಿನಿಂದ ಜಾರಿ ಇನ್ನಷ್ಟು ಹೊರಬರುತ್ತದೆ ಮತ್ತು ಅಲ್ಲೇ ನೆಲೆನಿಲ್ಲುತ್ತದೆ. ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿದು ಬರುತ್ತದೆ.

ಈ ಏರ್ಪಾಡು ಅಚ್ಚುಕಟ್ಟಾದದ್ದು, ಆದರೆ ಅದರಲ್ಲೇ ಅಪಾಯವೂ ಇದೆ. ಪ್ಯಾಡ್ ಹೊಸದಿರಲಿ, ಸವೆದು ಬಿಸ್ಕತ್ತಿನಷ್ಟು ತೆಳ್ಳಗಾಗಿರಲಿ, ಪ್ಯಾಡಿಗೂ ಡಿಸ್ಕಿಗೂ ನಡುವಿನ ಅಂತರ ಅಷ್ಟೇ ಇರುತ್ತದೆ. ಹಾಗಾಗಿ ಪೆಡಲ್ ಮೊದಲಿನ ಎತ್ತರದಲ್ಲೇ ಹಿಡಿಯುತ್ತದೆ. ಸವೆತವನ್ನು ಕಾಲು ಪತ್ತೆಹಚ್ಚಲಾರದು. ಅದು ನಮಗೆ ಕಾಣುವುದು ಡಬ್ಬಿಯ ಮಟ್ಟದಲ್ಲಿ.

ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಬಹುದು. ಒಂದು ಸಾಮಾನ್ಯ ಚಿಕ್ಕ ಕಾರಿನಲ್ಲಿ ಪಿಸ್ಟನ್ನಿನ ಅಗಲ 51 ಮಿಲಿಮೀಟರ್ ಎಂದುಕೊಳ್ಳಿ. ಅದು ಒಂದು ಮಿಲಿಮೀಟರ್ ಹೊರಬಂದರೆ ಹಿಂದೆ ತುಂಬಲು ಸುಮಾರು 2 ಮಿಲಿಲೀಟರ್ ಆಯಿಲ್ ಬೇಕು. ಹೊಸ ಪ್ಯಾಡಿನಲ್ಲಿ ತಿಕ್ಕುವ ಪದಾರ್ಥ 10 ಮಿಲಿಮೀಟರ್ ದಪ್ಪವಿದ್ದು, ಸವೆದು ಎರಡೂವರೆ ಉಳಿದಿದೆ ಎಂದರೆ, ಒಳಗಿನದು, ಹೊರಗಿನದು ಸೇರಿ 15 ಮಿಲಿಮೀಟರ್ ಹೋಯಿತು. ಅಷ್ಟನ್ನೂ ಒಂದೇ ಪಿಸ್ಟನ್ ತುಂಬಿಕೊಡಬೇಕು. ಅಲ್ಲಿಗೆ ಒಂದು ಚಕ್ರಕ್ಕೆ 30 ಮಿಲಿಲೀಟರ್, ಮುಂದಿನ ಎರಡೂ ಚಕ್ರಕ್ಕೆ 60. ಹೋಟೆಲಿನ ಚಿಕ್ಕ ಲೋಟದ ಚಹಾ ಎಷ್ಟೋ ಹೆಚ್ಚುಕಡಿಮೆ ಅಷ್ಟು. ಹಿಂದಿನ ಚಕ್ರಗಳಲ್ಲಿ ಡ್ರಮ್ ಇದ್ದರೆ ಅಲ್ಲಿನ ಪಿಸ್ಟನ್ನುಗಳು ತೀರಾ ಚಿಕ್ಕವು, ಅವುಗಳಿಂದ ಮಟ್ಟ ಅಷ್ಟಾಗಿ ಇಳಿಯುವುದಿಲ್ಲ. ಡಬ್ಬಿ ಚಿಕ್ಕದಾದ್ದರಿಂದ ಇಷ್ಟು ಆಯಿಲ್ ಇಳಿದುಹೋದರೆ ಮಟ್ಟದಲ್ಲಿ ಎದ್ದು ಕಾಣುತ್ತದೆ. ಪ್ಯಾಡ್ ಮುಗಿಯುವ ಹೊತ್ತಿಗೆ ದೀಪ ಹೊತ್ತುವುದು ಕಾಕತಾಳೀಯವಲ್ಲ.

ಈಗ ಉಜಿರೆಯಲ್ಲಿ ಆದದ್ದನ್ನು ನೋಡಿ. ಡಬ್ಬಿಯನ್ನು ಮೇಲಿನ ಗೆರೆಯವರೆಗೆ ತುಂಬಿಸಿದ ಮೇಲೆ ಬೆಂಡು ಮೇಲೆದ್ದು ಕೂತಿತು. ಮಟ್ಟ ಮತ್ತೆ ಕೆಳಗಿಳಿಯಬೇಕಾದರೆ ಇನ್ನೊಂದು 60 ಮಿಲಿಲೀಟರಿಗೆ ಜಾಗ ಬೇಕು. ಆದರೆ ಪ್ಯಾಡಿನಲ್ಲಿ ಸವೆಯಲು ಅಷ್ಟು ಪದಾರ್ಥವೇ ಉಳಿದಿರಲಿಲ್ಲ. ದೀಪ ಇನ್ನು ಹೊತ್ತುವ ಸಾಧ್ಯತೆಯನ್ನೇ ಆ ಟಾಪ್‌ಅಪ್ ಕಿತ್ತುಹಾಕಿತ್ತು.

ಕೆಲವು ದಿನಗಳ ಮೇಲೆ ಮುಂದಿನ ಬಲ ಚಕ್ರದಿಂದ ಕೀಚು ದನಿ ಬರತೊಡಗಿತು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ, ಕೇಳಲಿ ಎಂದೇ ಹಾಗೆ ಮಾಡಿರುವುದು. ಆದರೆ ಅದು ಮಳೆಗಾಲ. ಮಲೆನಾಡಿನಲ್ಲಿ ರಾತ್ರಿ ನಿಲ್ಲಿಸಿದ ಕಾರಿನ ಡಿಸ್ಕಿಗೆ ಬೆಳಿಗ್ಗೆ ಹೊತ್ತಿಗೆ ತೆಳುವಾಗಿ ತುಕ್ಕು ಹಿಡಿದು, ಮೊದಲ ಕೆಲವು ಬ್ರೇಕಿಗೆ ಕರಕರ ಎನ್ನುವುದು ಮಾಮೂಲು. ಚಿಕ್ಕಪ್ಪ ಇದನ್ನೂ ಅದೇ ಎಂದುಕೊಂಡರು. ತುಕ್ಕಿನ ಸದ್ದು ನಾಲ್ಕೈದು ಬ್ರೇಕಿಗೆ ಹೋಗುತ್ತದೆ, ನಾಲಿಗೆಯ ಕೀಚು ಮಧ್ಯಾಹ್ನವೂ ಇರುತ್ತದೆ. ಪರಿಚಯದ ಮೆಕ್ಯಾನಿಕ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ "ಪ್ಯಾಡ್ ಇನ್ನೂ ಇದೆ ಸಾರ್" ಎಂದರಂತೆ. ಅವರು ನೋಡಿದ್ದು ಹೊರಗಿನ ಪ್ಯಾಡ್. ಕ್ಯಾಲಿಪರ್ ಸರಾಗವಾಗಿ ಜಾರಲೆಂದು ಇರುವ ಎರಡು ಪಿನ್ನುಗಳು ಗ್ರೀಸ್ ಒಣಗಿ ಹಿಡಿದುಕೊಂಡರೆ, ಒತ್ತಡವೆಲ್ಲ ಒಳಗಿನ ಪ್ಯಾಡಿನ ಮೇಲೆಯೇ ಬಿದ್ದು ಅದು ಬೇಗ ಸವೆಯುತ್ತದೆ. ಚಕ್ರ ಬಿಚ್ಚದೆ ಒಳಗಿನ ಪ್ಯಾಡ್ ಸರಿಯಾಗಿ ಕಾಣುವುದಿಲ್ಲ.

ಕೊನೆಗೆ ಕೀಚು ಹೋಗಿ ಗರಗರ ಶುರುವಾದಾಗ ಚಕ್ರ ಬಿಚ್ಚಿದರು. ಒಳಗಿನ ಪ್ಯಾಡಿನಲ್ಲಿ ಬೆನ್ನಿನ ಉಕ್ಕಿನ ಹಾಳೆ ಮಾತ್ರ ಉಳಿದಿತ್ತು. ಅದು ಡಿಸ್ಕಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಕೊರೆದಿತ್ತು. ಪ್ಯಾಡುಗಳ ಜೊತೆಗೆ ಎರಡೂ ಡಿಸ್ಕ್ ಬದಲಾಯಿಸಬೇಕಾಯಿತು. ಇನ್ನೊಂದು ನಷ್ಟವೂ ಆಯಿತು. ಹೊಸ ದಪ್ಪ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಒಳಕ್ಕೆ ಒತ್ತಬೇಕು. ಒತ್ತಿದಾಗ ಅದರ ಹಿಂದಿದ್ದ ಆಯಿಲ್ ಡಬ್ಬಿಗೆ ವಾಪಸ್ ಬಂತು. ಡಬ್ಬಿ ಆಗಲೇ ತುಂಬಿತ್ತು. ಉಕ್ಕಿ ಹರಿದ ಆಯಿಲ್ ಎಂಜಿನ್ ಪಕ್ಕದ ಬಾಡಿಯ ಬಣ್ಣವನ್ನು ಕಿತ್ತುಹಾಕಿತು. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ಹಾಗಾದರೆ ತುಂಬಿಸಲೇಬಾರದೇ? ದಾರಿಯಲ್ಲಿ ಮಟ್ಟ ಕೆಳಗೆರೆಗಿಂತ ಇಳಿದಿದ್ದರೆ, ಗೆರೆ ದಾಟುವಷ್ಟು ಮಾತ್ರ ಹಾಕಿಸಿಕೊಂಡು, ಅದೇ ವಾರ ನಾಲ್ಕೂ ಚಕ್ರ ಬಿಚ್ಚಿಸಿ ನೋಡುವುದು ಸರಿ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿಸಬೇಕು, ಅದೂ ನಮ್ಮೆದುರಿಗೆ ಸೀಲ್ ಒಡೆದ ಬಾಟಲಿಯಿಂದ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಹೊಸದಾಗಿ 205 ಡಿಗ್ರಿಯವರೆಗೂ ಕುದಿಯಬಾರದು. ನೀರು ಸೇರಿದ ಮೇಲೆ ಅದಕ್ಕೆ ನಿಗದಿಯಾದ ಮಿತಿ 140 ಡಿಗ್ರಿ ಮಾತ್ರ. ಘಾಟಿಯಲ್ಲಿ ಕಾಲು ಎತ್ತದೆ ಬ್ರೇಕ್ ಹಿಡಿದು ಇಳಿಯುವವರಿಗೆ ಈ ವ್ಯತ್ಯಾಸ ಪೆಡಲಿನಲ್ಲಿ ಗೊತ್ತಾಗುತ್ತದೆ: ಕುದಿದಲ್ಲಿ ಆವಿಯ ಗುಳ್ಳೆ ಕಟ್ಟಿ ಪೆಡಲ್ ಮೆತ್ತಗಾಗುತ್ತದೆ. ಇನ್ನು ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ತಪ್ಪಿಯೂ ಹಾಕಬಾರದು. ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ.

ಸೋರಿಕೆಯನ್ನು ಗುರುತಿಸುವುದು ಕಾಲದಿಂದ. ಸವೆತದಲ್ಲಿ ಮಟ್ಟ ಸಾವಿರಾರು ಕಿಲೋಮೀಟರ್ ತೆಗೆದುಕೊಂಡು ಇಳಿಯುತ್ತದೆ, ಸೋರಿಕೆಯಲ್ಲಿ ದಿನಗಳಲ್ಲಿ. ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದ್ದರೆ, ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಜಾರುತ್ತಿದ್ದರೆ ಕಾರು ಮುಂದೆ ಓಡಿಸುವ ಮಾತೇ ಇಲ್ಲ. ಕ್ಲಚ್ಚೂ ಆಯಿಲಿನಿಂದ ನಡೆಯುವ ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ, ಅಲ್ಲಿ ಕ್ಲಚ್ಚಿನ ಕಡೆಯ ಸೋರಿಕೆಯೂ ಬ್ರೇಕಿನ ದೀಪ ಹೊತ್ತಿಸಬಹುದು. ಓಡುವಾಗಲೇ ದೀಪ ಹೊತ್ತಿ ಪೆಡಲ್ ಆಳಕ್ಕೆ ಹೋದರೆ ಗೇರ್ ಇಳಿಸುತ್ತ ವೇಗ ತಗ್ಗಿಸಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಲಿವರನ್ನು ಮೆಲ್ಲಗೆ ಎಳೆದು ನಿಲ್ಲಿಸಬೇಕು. ಲಿವರ್ ಇರುವ ಕಾರಿನಲ್ಲಿ ಅದು ತಂತಿಯಿಂದ ಹಿಂದಿನ ಚಕ್ರ ಹಿಡಿಯುವಂಥದು, ಆಯಿಲಿನ ಹಂಗಿಲ್ಲ. ಈ ದೀಪದ ಜೊತೆ ಎಬಿಎಸ್ ದೀಪವೂ ಹೊತ್ತಿದ್ದರೆ ವಿಷಯ ಬೇರೆ: ಮುಂದು ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ ಕೆಲಸ ನಿಲ್ಲಿಸಿರಬಹುದು, ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಜಾರಬಹುದು.

ನನ್ನ ಕಾರು ಈಗ 31,000 ಕಿಲೋಮೀಟರ್ ಓಡಿದೆ. ಕಳೆದ ವಾರ ಚಕ್ರ ಬಿಚ್ಚಿಸಿ ನೋಡಿದಾಗ ಪ್ಯಾಡ್ 6 ಮಿಲಿಮೀಟರ್ ಇತ್ತು, ಡಬ್ಬಿಯಲ್ಲಿ ಆಯಿಲ್ ಎರಡು ಗೆರೆಗಳ ಸರಿಮಧ್ಯೆ. ಸರ್ವಿಸಿನ ಹುಡುಗ ಬಾಟಲಿ ಹಿಡಿದು "ಫುಲ್ ಮಾಡ್ಲಾ ಸಾರ್?" ಎಂದ. ಬೇಡ ಎಂದೆ. ಮುಂದೆ ಹೊಸ ಪ್ಯಾಡ್ ಹಾಕಿದ ದಿನ ಆ ಆಯಿಲ್ ತಾನಾಗಿಯೇ ಮೇಲಿನ ಗೆರೆಗೆ ಬಂದು ನಿಲ್ಲಬೇಕು. ಬರದಿದ್ದರೆ, ಎಲ್ಲಿ ಸೋರುತ್ತಿದೆ ಎಂದು ಅವತ್ತೇ ಹುಡುಕಿಸುತ್ತೇನೆ.