ಗೋಡೆಗೆ ಏರುವ ಮುಖಕ್ಕೆ ಯಾವ ಫೋಟೊ ಕೊಡಬೇಕು?

ಮುಧೋಳ ನಾಯಿಯ ಮೂಗಿನಿಂದ ಗೇಣುದ್ದ ದೂರದಲ್ಲಿ ಮೊಬೈಲ್ ಹಿಡಿದು ಎದುರಿನಿಂದ ಒಂದು ಫೋಟೊ ತೆಗೆದು ನೋಡಿ. ಮೂಗು ದಪ್ಪಗೆ, ಕಣ್ಣು ಸಣ್ಣಗೆ, ಕಿವಿ ಎಲ್ಲೋ ಹಿಂದೆ ಕಾಣುತ್ತವೆ. 2005ರಲ್ಲಿ ಅಂಚೆ ಇಲಾಖೆ ಸ್ಟ್ಯಾಂಪ್ ಹೊರಡಿಸಿದ ತಳಿ ಇದೇ ಎಂದರೆ ನಂಬುವುದು ಕಷ್ಟ. ಹತ್ತು ಅಡಿ ಹಿಂದೆ ಸರಿದು, ಪಕ್ಕದಿಂದ ಇನ್ನೊಂದು ತೆಗೆಯಿರಿ. ನೀಳ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ ಎಲ್ಲ ಇದ್ದ ಹಾಗೇ ಬರುತ್ತವೆ. ನಾಯಿಯೂ ಅದೇ, ಕ್ಯಾಮೆರಾವೂ ಅದೇ. ಬದಲಾದದ್ದು ನಿಂತ ಜಾಗ ಮಾತ್ರ.

ಮನುಷ್ಯರ ಮುಖಕ್ಕೂ ಇದೇ ಲೆಕ್ಕ. ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 42 ಸೆಂಟಿಮೀಟರ್ ದೂರ ಇರುತ್ತದೆ. ದೂರ ಹೆಚ್ಚಿದಷ್ಟೂ ವಸ್ತು ಚಿಕ್ಕದಾಗಿ ಕಾಣುವುದರಿಂದ, ಕಿವಿಗೆ ಹೋಲಿಸಿದರೆ ಮೂಗು ಶೇ 40ರಷ್ಟು ಹಿಗ್ಗಿರುತ್ತದೆ. ಅದೇ ಕ್ಯಾಮೆರಾವನ್ನು ಮೂಗಿನಿಂದ ಒಂದೂವರೆ ಮೀಟರ್ ದೂರಕ್ಕೆ ಒಯ್ದರೆ ಈ ವ್ಯತ್ಯಾಸ ಶೇ 8ಕ್ಕೆ ಇಳಿಯುತ್ತದೆ. ಸೆಲ್ಫಿಯ ಮೂಗಿನ ಬಗ್ಗೆ ಅಮೆರಿಕದ ವೈದ್ಯರು 2018ರಲ್ಲಿ ಇಂಥದೇ ಲೆಕ್ಕ ಪ್ರಕಟಿಸಿದರು. 5 ಅಡಿಯ ಫೋಟೊಗೆ ಹೋಲಿಸಿದರೆ 12 ಇಂಚಿನ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ 30 ಹೆಚ್ಚು ಕಾಣುತ್ತದೆ ಎಂದು ಅವರು ತೋರಿಸಿದರು. ಆದ್ದರಿಂದ ಸೆಲ್ಫಿ ನೋಡಿ ಬರೆದ ಭಾವಚಿತ್ರಕ್ಕೆ ಮನೆಯವರು "ಇದು ನಮ್ಮ ಅಪ್ಪನ ಹಾಗಿಲ್ಲ" ಎಂದರೆ ಕಲಾವಿದನ ಕೈಯನ್ನು ದೂರುವ ಹಾಗಿಲ್ಲ. ಐದಾರು ಅಡಿ ದೂರ ನಿಂತು, ಮುಖ ಚಿಕ್ಕದಾಗಿ ಕಂಡರೆ ಫೋನಿನ 2x ಜೂಮ್ ಒತ್ತಿ ತೆಗೆಯುವುದು ಒಳ್ಳೆಯದು.

ಕ್ಯಾಮೆರಾದ ಎತ್ತರ ಕಣ್ಣಿನ ಮಟ್ಟಕ್ಕೇ ಇರಲಿ. ಕೆಳಗಿನಿಂದ ತೆಗೆದರೆ ದವಡೆ ದೊಡ್ಡದಾಗಿ ಹಣೆ ಕುಗ್ಗುತ್ತದೆ, ಮೇಲಿನಿಂದ ತೆಗೆದರೆ ಇದಕ್ಕೆ ತಿರುಗುಮುರುಗು. ನೇರ ಎದುರಿನ ಫೋಟೊದಲ್ಲಿ ಮೂಗು ಎಷ್ಟು ಚಾಚಿದೆ, ಕೆನ್ನೆ ಎಷ್ಟು ಒಳಸರಿದಿದೆ ಎಂಬುದು ಗೊತ್ತಾಗುವುದಿಲ್ಲ. ಮುಖ ಸ್ವಲ್ಪ ಓರೆಯಾಗಿ ಎರಡೂ ಕಣ್ಣು ಕಾಣುವಂತಿದ್ದರೆ ಆ ಉಬ್ಬುತಗ್ಗು ತಿಳಿಯುತ್ತದೆ. ಪುತ್ಥಳಿ ಮಾಡುವವರಿಗಾದರೆ ಎದುರು, ಓರೆ, ಪಕ್ಕ ಮೂರೂ ಬೇಕು. ಸೆಲ್ಫಿಗೆ ಇನ್ನೊಂದು ತೊಡಕಿದೆ. ಕೆಲವು ಫೋನುಗಳು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಉಳಿಸುತ್ತವೆ. ಎಡಗೆನ್ನೆಯ ಮಚ್ಚೆ ಬಲಕ್ಕೆ ಬರುತ್ತದೆ, ಬೈತಲೆ ಅದಲುಬದಲಾಗುತ್ತದೆ. ಗಂಡಸರ ಅಂಗಿಯ ಜೇಬು ಸಾಮಾನ್ಯವಾಗಿ ಎದೆಯ ಎಡಬದಿಗೆ ಇರುತ್ತದೆ. ಅದು ತೊಟ್ಟವರ ಬಲ ಎದೆಯ ಮೇಲೆ ಕಂಡರೆ ಚಿತ್ರ ತಿರುಗಿರುವ ಸಾಧ್ಯತೆಯೇ ಹೆಚ್ಚು.

ಬೆಳಕಿನ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಒಂದು ತೊಂದರೆಯಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲವೂ ಹೆಚ್ಚುಕಡಿಮೆ 16 ಡಿಗ್ರಿ 20 ನಿಮಿಷದಿಂದ 16 ಡಿಗ್ರಿ 30 ನಿಮಿಷ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ ಮೊದಲ ವಾರದ ಸುಮಾರಿಗೆ ಮತ್ತೊಮ್ಮೆ. ಮೇ ತಿಂಗಳೆಂದರೆ ಮದುವೆಗಳ ಕಾಲ. ಅಕ್ಷತೆ ಮುಗಿದ ಮೇಲೆ ಬಿಸಿಲಲ್ಲಿ ಎಲ್ಲರನ್ನೂ ನಿಲ್ಲಿಸಿ ತೆಗೆದ ಫೋಟೊದಲ್ಲಿ ಹುಬ್ಬಿನ ಮೂಳೆಯ ನೆರಳು ಕಣ್ಣುಗಳನ್ನು ಮುಚ್ಚುತ್ತದೆ, ಮೂಗಿನ ನೆರಳು ಮೀಸೆಯ ಮೇಲೆ ಬೀಳುತ್ತದೆ. ಗಾಂಧಿ ಟೊಪ್ಪಿಗೆಯೋ ರುಮಾಲೋ ಇದ್ದರೆ ಹಣೆಯೂ ಕತ್ತಲೆ. ಹಾಗೆ ಕಪ್ಪಾದ ಭಾಗದಲ್ಲಿ ಕಣ್ಣಿನ ಆಕಾರದ ಮಾಹಿತಿಯೇ ದಾಖಲಾಗಿರುವುದಿಲ್ಲ. ಆಮೇಲೆ ಎಷ್ಟೇ ಬೆಳಗಿಸಿದರೂ ಕಾಣುವುದು ಬೂದುಬಣ್ಣದ ಕಲೆ ಮಾತ್ರ.

ಪರಿಹಾರ ಮನೆಯಲ್ಲೇ ಇದೆ. ಹಿರಿಯರನ್ನು ತಲಬಾಗಿಲಿನ ಒಳಗೆ ಎರಡಡಿ ಹಿಂದೆ, ಮುಖ ಹೊರಗೆ ಮಾಡಿ ಕೂರಿಸಿ. ನೇರ ಬಿಸಿಲು ತಾಗಬಾರದು. ಆಕಾಶದ ಬೆಳಕು ಬಾಗಿಲಿನಷ್ಟು ಅಗಲವಾಗಿ ಮುಂದಿನಿಂದ ಬರುವುದರಿಂದ ನೆರಳು ಮೃದುವಾಗುತ್ತದೆ. ಅವರು ತುಸು ಓರೆಗೆ ತಿರುಗಿದರೆ ಒಂದು ಕೆನ್ನೆ ಕೊಂಚ ಗಾಢವಾಗಿ ಮುಖದ ಉಬ್ಬುತಗ್ಗೂ ತೋರುತ್ತದೆ. ಬೆಳಕು ಸರಿಯಾಗಿದೆಯೇ ಎಂದು ತಿಳಿಯಲು ಎರಡೂ ಕಣ್ಣಿನ ಕಪ್ಪಿನಲ್ಲಿ ಬಿಳಿ ಹೊಳಪಿನ ಚುಕ್ಕೆ ಕಾಣುತ್ತದೆಯೇ ನೋಡಿ. ಅದಿಲ್ಲದಿದ್ದರೆ ಬೆಳಕು ಕಣ್ಣಿಗೆ ಇಳಿದಿಲ್ಲ.

ಇನ್ನು ಕಪ್ಪು ಕನ್ನಡಕ. ಪೊರೆ ಆಪರೇಶನ್ ಆದ ಮೇಲಿನ ದಿನಗಳಲ್ಲಿ ತೆಗೆದ, ಕರಿ ಚಾಳೀಸಿನ ಫೋಟೊವೊಂದೇ ಎಷ್ಟೋ ಮನೆಗಳಲ್ಲಿ ಅಜ್ಜನ ಕೊನೆಯ ಗುರುತಾಗಿ ಉಳಿದಿರುತ್ತದೆ. ಮುಖ ಗುರುತಿಸಲು ಕಣ್ಣಿನಷ್ಟೇ ಹುಬ್ಬೂ ಮುಖ್ಯ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಸಿದ್ಧರ ಫೋಟೊಗಳಿಂದ ಕಣ್ಣು ಅಳಿಸಿದಾಗ ಶೇ 56ರಷ್ಟನ್ನು ಜನ ಗುರುತಿಸಿದರು. ಹುಬ್ಬು ಅಳಿಸಿದಾಗ ಆ ಪ್ರಮಾಣ ಶೇ 46ಕ್ಕೆ ಇಳಿಯಿತು. ಕಪ್ಪು ಕನ್ನಡಕ ಕಣ್ಣನ್ನು ಮುಚ್ಚುತ್ತದೆ, ದೊಡ್ಡದಾಗಿದ್ದರೆ ಹುಬ್ಬನ್ನೂ ಬಿಡುವುದಿಲ್ಲ. ಅಂಥ ಫೋಟೊದಿಂದ ಬರೆದ ಕಣ್ಣು ಬೇರೆ ಯಾರದೋ ಆಗಿರುತ್ತದೆ. ದಿನವೂ ಹಾಕುತ್ತಿದ್ದ ಪವರ್ ಕನ್ನಡಕದ ಮಾತು ಬೇರೆ, ಅದು ಮುಖದ ಭಾಗವೇ ಆಗಿರುತ್ತದೆ. ಆದರೆ ಪ್ಲಸ್ ಗಾಜು ಕಣ್ಣನ್ನು ಹಿಗ್ಗಿಸಿ ತೋರಿಸುತ್ತದೆ, ಮೈನಸ್ ಗಾಜು ಕುಗ್ಗಿಸುತ್ತದೆ. ಹಾಗಾಗಿ ಹಾಕಿಕೊಂಡದ್ದು ಒಂದು, ತೆಗೆದಿಟ್ಟದ್ದು ಒಂದು ಫೋಟೊ ಇದ್ದರೆ ಕೆಲಸ ಸುಲಭ.

ಮುಖಭಾವಕ್ಕೆ ಬಂದರೆ ಅಳತೆಯೇ ಬದಲಾಗುತ್ತದೆ. ನಕ್ಕಾಗ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತದೆ, ಬಾಯಿ ಅಗಲವಾಗುತ್ತದೆ, ಮೂಗಿನ ಹೊಳ್ಳೆ ಹರಡುತ್ತದೆ. ಗುರುತಿನ ಚೀಟಿಗೆ ಬಿಗಿದುಕೊಂಡು ಕೂತ ಮುಖದಲ್ಲಿ ಇದಾವುದೂ ಇರುವುದಿಲ್ಲ, ಮನೆಯವರು ಬಲ್ಲ ಮನುಷ್ಯನೂ ಇರುವುದಿಲ್ಲ. ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಬ್ಬರೇ ಮಹಿಳೆಯರ 40 ಫೋಟೊಗಳನ್ನು ಅವರ ಪರಿಚಯವಿಲ್ಲದ ಜನರಿಗೆ ಕೊಟ್ಟು, ಒಬ್ಬೊಬ್ಬರದನ್ನು ಒಂದೊಂದು ಗುಂಪು ಮಾಡಿ ಎಂದರು. ಅವರು ಸಾಮಾನ್ಯವಾಗಿ ಏಳೆಂಟರ ಆಸುಪಾಸಿನಲ್ಲಿ ಗುಂಪು ಮಾಡಿದರು. ಆ ಮುಖಗಳನ್ನು ಬಲ್ಲವರಿಗೆ ಎರಡೇ ಗುಂಪು ಮಾಡುವುದು ಸುಲಭವಾಯಿತು. ಕಲಾವಿದ ಪರಿಚಯವಿಲ್ಲದವರ ಸಾಲಿಗೆ ಸೇರಿದವನು. ಒಂದೇ ಫೋಟೊ ನೋಡಿ ಅವನಿಗೆ ಮುಖದಲ್ಲಿ ಯಾವುದು ಸದಾ ಇರುವಂಥದ್ದು, ಯಾವುದು ಆ ಕ್ಷಣದ್ದು ಎಂದು ತಿಳಿಯುವುದಿಲ್ಲ. ಮಾತಿನ ನಡುವೆ ತೆಗೆದ, ತುಟಿ ಸಡಿಲಾಗಿ ಮುಚ್ಚಿರುವ ಒಂದು ಫೋಟೊ ಮುಖ್ಯವಾಗಿರಲಿ, ಬೇರೆ ದಿನಗಳ ಎರಡು ಮೂರು ಫೋಟೊಗಳು ಜೊತೆಗಿರಲಿ.

ಕೊನೆಯದು ಪಿಕ್ಸೆಲ್. ಬನಹಟ್ಟಿಯ ಮದುವೆಯೊಂದರ ಗುಂಪು ಫೋಟೊದಿಂದ ಅಜ್ಜಿಯ ಮುಖವನ್ನು ನಿಜಗಾತ್ರದಲ್ಲಿ ಬರೆಸಬೇಕು ಎಂದುಕೊಳ್ಳಿ. 12 ಮೆಗಾಪಿಕ್ಸೆಲ್ ಫೋಟೊದ ಅಗಲ 4000 ಪಿಕ್ಸೆಲ್. ನಿಂತವರ ಸಾಲು ಎಂಟು ಮೀಟರ್ ಅಗಲವಿದ್ದರೆ ಮೀಟರಿಗೆ 500 ಪಿಕ್ಸೆಲ್ ಬಂತು. ಎರಡು ಕಣ್ಣುಗಳ ನಡುವಿನ ಅಂತರ ಸುಮಾರು 6.3 ಸೆಂಟಿಮೀಟರ್, ಅದಕ್ಕೆ ಸಿಗುವುದು 31 ಪಿಕ್ಸೆಲ್. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ 1600 ಪಿಕ್ಸೆಲ್ಲಿನ ಆಸುಪಾಸಿಗೆ ಕುಗ್ಗಿ 12 ಮಾತ್ರ ಉಳಿಯುತ್ತದೆ. ಚಿತ್ರದಲ್ಲಿ ಒಂದೊಂದು ಪಿಕ್ಸೆಲ್ಲೂ ಅರ್ಧ ಸೆಂಟಿಮೀಟರ್ ಜಾಗ ತುಂಬಬೇಕು. ಇಡೀ ಒಂದು ಕಣ್ಣಿಗೆ ಆರು ಪಿಕ್ಸೆಲ್. ಅದರಲ್ಲಿ ರೆಪ್ಪೆಯ ಮಡಿಕೆ ಎಲ್ಲಿಂದ ಬರಬೇಕು? ಅದೇ ಫೋನಿನಿಂದ ತಲೆಯಿಂದ ಎದೆಯವರೆಗೆ ತೆಗೆದರೆ ಕಣ್ಣುಗಳ ನಡುವೆ ಸುಮಾರು 250 ಪಿಕ್ಸೆಲ್ ಸಿಗುತ್ತವೆ. ಕಣ್ಣನ್ನು ಹಿಗ್ಗಿಸಿದಾಗ ರೆಪ್ಪೆಯ ಗೆರೆ ಬಿಡಿಬಿಡಿಯಾಗಿ ಕಂಡರೆ ಫೋಟೊ ಸಾಕು. ಚರ್ಮ ಮೇಣದಂತೆ ನುಣ್ಣಗಿದ್ದರೆ ಬ್ಯೂಟಿ ಫಿಲ್ಟರ್ ಸುಕ್ಕುಗಳನ್ನು ಒರೆಸಿದೆ, ಆ ಫೋಟೊ ಬೇಡ.

ಕಟ್ಟು ಹಾಕಿಸಿದ ಹಳೆಯ ಫೋಟೊವೊಂದೇ ಇದ್ದರೆ ಗಾಜಿನ ಮೇಲಿನಿಂದ ಮೊಬೈಲಿನಲ್ಲಿ ಕ್ಲಿಕ್ಕಿಸಬೇಡಿ. ಫೋಟೊ ಗಾಜಿಗೆ ಅಂಟಿರದಿದ್ದರೆ ಹೊರತೆಗೆದು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದೇ ಕಳಿಸಿ, ಆಗ ಅದು ಕುಗ್ಗುವುದಿಲ್ಲ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಇಷ್ಟೆಲ್ಲ ತಾಪತ್ರಯವೇ ಬೇಡ. ಈ ವಾರವೇ ಅವರನ್ನು ಬಾಗಿಲ ಬೆಳಕಿಗೆ ಕೂರಿಸಿ, ಐದಾರು ಅಡಿ ದೂರ ನಿಂತು, ಮಾತಾಡಿಸುತ್ತ ನಾಲ್ಕು ಫೋಟೊ ತೆಗೆದಿಡಿ.