160 ಜಿಬಿ ಡಿಸ್ಕ್ 8 ಎಂಬಿ ಎಂದಾಗ

ಇಂಟೆಲ್ ಕಂಪನಿ 2011ರ ಮಾರ್ಚ್‌ನಲ್ಲಿ 320 ಸರಣಿಯ ಎಸ್‌ಎಸ್‌ಡಿಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ತಿಂಗಳಲ್ಲಿ ಒಂದು ವಿಚಿತ್ರ ದೂರು ಕೇಳಿಬಂತು. ಇದ್ದಕ್ಕಿದ್ದಂತೆ ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಆನ್ ಮಾಡಿದರೆ, ನಿನ್ನೆಯವರೆಗೆ 160 ಜಿಬಿ ಇದ್ದ ಡಿಸ್ಕ್ ತನ್ನ ಗಾತ್ರ 8 ಎಂಬಿ ಎನ್ನುತ್ತಿತ್ತು. ಒಳಗಿದ್ದ ಫೋಟೊ, ಲೆಕ್ಕಪತ್ರ, ವಿಂಡೋಸ್ ಯಾವುದೂ ಕಾಣುತ್ತಿರಲಿಲ್ಲ. ಆದರೆ ಡಿಸ್ಕ್ ಪೂರ್ತಿ ಸತ್ತಿರಲೂ ಇಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು, ಉತ್ತರ ಮಾತ್ರ ನಂಬುವಂತಿರಲಿಲ್ಲ.

ಡಿಸ್ಕಿನ ಗಾತ್ರವನ್ನು ಕಂಪ್ಯೂಟರ್ ಅಳೆದು ನೋಡುವುದಿಲ್ಲ, ಕೇಳಿ ತಿಳಿದುಕೊಳ್ಳುತ್ತದೆ. ಆನ್ ಆದ ಕೂಡಲೇ ಅದು ಡಿಸ್ಕಿಗೆ ‘ನೀನು ಯಾರು’ ಎಂಬರ್ಥದ ಒಂದು ಆದೇಶ ಕಳಿಸುತ್ತದೆ. ಡಿಸ್ಕ್ ಮರಳಿಸುವ 512 ಬೈಟ್‌ಗಳ ಉತ್ತರದಲ್ಲಿ ಮಾಡೆಲ್ ಹೆಸರು, ಸೀರಿಯಲ್ ನಂಬರ್, ಫರ್ಮ್‌ವೇರ್ ಆವೃತ್ತಿ, ಒಟ್ಟು ಸೆಕ್ಟರ್‌ಗಳ ಸಂಖ್ಯೆ ಎಲ್ಲವೂ ಇರುತ್ತವೆ. ಈ ಉತ್ತರ ಬರೆಯುವುದು ಎಸ್‌ಎಸ್‌ಡಿಯೊಳಗಿನ ಕಂಟ್ರೋಲರ್ ಎಂಬ ಚಿಪ್. ಹಾಗಾಗಿ 8 ಎಂಬಿ ಎಂದು ಕಂಡರೆ ಮೆಮೊರಿ ಚಿಪ್‌ಗಳು ಸುಟ್ಟುಹೋಗಿವೆ ಎಂದು ತಿಳಿಯಬೇಕಿಲ್ಲ. ಆ ಸಂಖ್ಯೆಯನ್ನು ಹೇಳುತ್ತಿರುವುದು ಕಂಟ್ರೋಲರ್.

ಅದು ಹಾಗೇಕೆ ಹೇಳುತ್ತದೆ ಎಂದು ತಿಳಿಯಲು ಫ್ಲ್ಯಾಶ್ ಮೆಮೊರಿಯ ಒಂದು ಹಟವನ್ನು ತಿಳಿದಿರಬೇಕು. ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲು ಅದು ಬಿಡುವುದಿಲ್ಲ. 320 ಸರಣಿಯ ಚಿಪ್‌ಗಳಲ್ಲಿ ಬರೆಯುವುದು 8 ಕೆಬಿಯ ಒಂದು ಪುಟದಂತೆ, ಅಳಿಸುವುದು ಮಾತ್ರ 256 ಪುಟಗಳ ಇಡೀ ಬ್ಲಾಕ್, ಅಂದರೆ ಒಮ್ಮೆಗೆ 2 ಎಂಬಿ. ಒಂದು ಕಡತದಲ್ಲಿ ಒಂದಕ್ಷರ ತಿದ್ದಿದರೂ ಕಂಟ್ರೋಲರ್ ಆ ಭಾಗವನ್ನು ಬೇರೊಂದು ಖಾಲಿ ಪುಟದಲ್ಲಿ ಹೊಸದಾಗಿ ಬರೆಯುತ್ತದೆ. ಹಳೆಯ ಪುಟವನ್ನು ರದ್ದು ಎಂದು ಗುರುತು ಮಾಡಿಕೊಂಡು, ಪುರುಸೊತ್ತಾದಾಗ ಅಳಿಸುತ್ತದೆ. ಹೀಗೆ ವಿಂಡೋಸ್ ಕೇಳುವ ‘1000ನೇ ಸೆಕ್ಟರ್’ ಇವತ್ತು ಒಂದು ಚಿಪ್‌ನಲ್ಲಿದ್ದರೆ ನಾಳೆ ಇನ್ನೊಂದರಲ್ಲಿರುತ್ತದೆ. ಯಾವ ಸೆಕ್ಟರ್ ಈಗ ಎಲ್ಲಿದೆ ಎಂಬುದಕ್ಕೆ ಕಂಟ್ರೋಲರ್ ಒಂದು ದೊಡ್ಡ ಪಟ್ಟಿ ಇಟ್ಟುಕೊಳ್ಳುತ್ತದೆ. ಊರಿನ ಹೊಲಗಳಿಗೆ ಪಹಣಿ ಇದ್ದಂತೆ ಇದು. ವ್ಯತ್ಯಾಸ ಇಷ್ಟೇ, ಇಲ್ಲಿ ಹೊಲಗಳ ಹಕ್ಕು ದಿನವಿಡೀ ಕೈ ಬದಲಾಗುತ್ತಿರುತ್ತದೆ.

ಪ್ರತಿ ಬರಹಕ್ಕೂ ಪಟ್ಟಿ ಬದಲಾಗುವುದರಿಂದ ಬದಲಾವಣೆಗಳನ್ನು ಮೊದಲು ವೇಗದ ರ‍್ಯಾಮ್‌ನಲ್ಲಿ ಮಾಡಿ, ಆಗಾಗ ಫ್ಲ್ಯಾಶ್‌ಗೆ ಇಳಿಸಿಡುತ್ತಾರೆ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿದ್ದದ್ದು ಮಾಯ. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿದಾಗ ಆಪರೇಟಿಂಗ್ ಸಿಸ್ಟಮ್ ಡಿಸ್ಕಿಗೆ ‘ವಿದ್ಯುತ್ ನಿಲ್ಲಲಿದೆ, ತಯಾರಾಗು’ ಎಂದು ಮೊದಲೇ ತಿಳಿಸುತ್ತದೆ. ಆಗ ಕಂಟ್ರೋಲರ್ ಪಟ್ಟಿಯನ್ನೂ ತನ್ನ ಉಳಿದ ಲೆಕ್ಕವನ್ನೂ ಫ್ಲ್ಯಾಶ್‌ನಲ್ಲಿ ಬರೆದು ಮುಗಿಸುತ್ತದೆ. ಪ್ಲಗ್ ಕಿತ್ತಾಗ, ಪವರ್ ಬಟನ್ ಒತ್ತಿಹಿಡಿದಾಗ, ಬ್ಯಾಟರಿ ಪೂರ್ತಿ ಇಳಿದಾಗ ಈ ಸೂಚನೆಯೇ ಬರುವುದಿಲ್ಲ.

320 ಸರಣಿಯ ವಿಷಯದಲ್ಲಿ ತಮಾಷೆಯೆಂದರೆ, ಇಂಥ ಗಳಿಗೆಗೆಂದೇ ಅದರ ಬೋರ್ಡಿನ ಮೇಲೆ ಸಾಲಾಗಿ ಕೆಪಾಸಿಟರ್‌ಗಳನ್ನು ಕೂರಿಸಿದ್ದರು. ಕರೆಂಟ್ ಹೋದ ಮೇಲೂ ಅವುಗಳಲ್ಲಿ ಉಳಿದ ಚಾರ್ಜು ಕಂಟ್ರೋಲರ್‌ಗೆ ಕೈಯಲ್ಲಿದ್ದ ಕೆಲಸ ಮುಗಿಸಲು ಸಮಯ ಕೊಡುತ್ತದೆ. ಇಂಟೆಲ್ ಅದನ್ನು ಈ ಸರಣಿಯ ದೊಡ್ಡ ಗುಣವೆಂದೇ ಹೇಳಿಕೊಂಡಿತ್ತು. ಆದರೆ ಕೆಪಾಸಿಟರ್ ಕೊಡುವುದು ಸಮಯ ಮಾತ್ರ. ಆ ಸಮಯದಲ್ಲಿ ಏನನ್ನು ಯಾವ ಕ್ರಮದಲ್ಲಿ ಬರೆಯಬೇಕು, ಮರುದಿನ ಅದನ್ನು ಹೇಗೆ ಓದಬೇಕು ಎಂಬುದು ಫರ್ಮ್‌ವೇರ್‌ನ ಹೊಣೆ. ತಪ್ಪು ಇದ್ದದ್ದು ಅಲ್ಲಿ. ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಹಠಾತ್ತನೆ ಕರೆಂಟ್ ಹೋದರೆ ಡಿಸ್ಕ್ ಮತ್ತೆ ಎದ್ದಾಗ ಉಳಿಸಿಟ್ಟ ಲೆಕ್ಕ ಅದಕ್ಕೆ ಸರಿಬರುತ್ತಿರಲಿಲ್ಲ.

ಅಂಥ ಸ್ಥಿತಿಯಲ್ಲಿ ಕಂಟ್ರೋಲರ್ ಮುಂದಿರುವ ದಾರಿಗಳು ಕಡಿಮೆ. ಕೆಟ್ಟ ಪಟ್ಟಿಯನ್ನೇ ನಂಬಿ ಕೆಲಸ ಶುರುಮಾಡಿದರೆ ಒಬ್ಬರ ಫೋಟೊ ಕೇಳಿದಾಗ ಇನ್ನಾವುದೋ ತುಣುಕು ಕೊಡಬಹುದು, ಚೆನ್ನಾಗಿರುವ ಪುಟಗಳನ್ನು ಖಾಲಿ ಎಂದು ಅಳಿಸಿಯೂ ಬಿಡಬಹುದು. ಅದಕ್ಕೆ ಅದು ಬಳಕೆದಾರನ ದತ್ತಾಂಶದ ಕಡೆ ಹೋಗುವುದನ್ನೇ ನಿಲ್ಲಿಸಿ, ಆದೇಶಗಳಿಗೆ ಉತ್ತರಿಸುವಷ್ಟು ಮಾತ್ರ ಎಚ್ಚರವಾಗಿರುತ್ತದೆ. ಆಗ ಅದು ಹೇಳುವ ಗಾತ್ರವೇ 8 ಎಂಬಿ. ನನ್ನ ಮಟ್ಟಿಗೆ ಇದು ಸರಿಯಾದ ನಡೆ. ತಪ್ಪು ದತ್ತಾಂಶ ಕೊಡುವ ಡಿಸ್ಕಿಗಿಂತ ಕೊಡುವುದಿಲ್ಲ ಎನ್ನುವ ಡಿಸ್ಕ್ ಮೇಲು. ಆದರೆ ಪರದೆಯ ಮುಂದೆ ಕೂತವನಿಗೆ ಅದು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹೇಳುವ ಒಂದು ಜಾಗ ಮಾತ್ರ ಇದೆ. ಲಿನಕ್ಸ್‌ನಲ್ಲಿ ಹೀಗೆ ಕೇಳಿ ನೋಡಬಹುದು:

```
smartctl -i /dev/sdb
```

ಆರೋಗ್ಯವಾಗಿರುವ ಡಿಸ್ಕಿನಲ್ಲಿ ಇಲ್ಲಿ ಲೇಬಲ್ ಮೇಲಿನ ಸೀರಿಯಲ್ ನಂಬರೇ ಕಾಣುತ್ತದೆ. ಕೆಟ್ಟ 320ರಲ್ಲಿ ಅದರ ಬದಲು `BAD_CTX 0000013x` ಎಂದು ಬರುತ್ತಿತ್ತು, ಕೊನೆಯ x ಜಾಗದಲ್ಲಿ ಒಂದು ಅಂಕೆ ಅಥವಾ ಅಕ್ಷರ. ಲೆಕ್ಕದ ಸಂದರ್ಭ ಕೆಟ್ಟಿದೆ ಎಂದು ಕಂಟ್ರೋಲರ್ ತನ್ನ ಹೆಸರಿನ ಜಾಗದಲ್ಲೇ ದೂರು ಬರೆದುಕೊಂಡಂತೆ. ಬೇರೆ ಕಂಪನಿಗಳ ಕಂಟ್ರೋಲರ್‌ಗಳಿಗೂ ಇಂಥ ಗುರುತುಗಳಿವೆ. ಫಿಸನ್‌ನ ಒಂದು ಅಗ್ಗದ ಕಂಟ್ರೋಲರ್ ಕೈಕೊಟ್ಟಾಗ ಮಾಡೆಲ್ ಹೆಸರಿನ ಜಾಗದಲ್ಲಿ `SATAFIRM S11` ಎಂದು ಬರುವುದನ್ನು ರಿಪೇರಿ ಅಂಗಡಿಯವರು ಚೆನ್ನಾಗಿ ಬಲ್ಲರು.

ಈ ಗುರುತಿನಿಂದಲೇ ಬೇರೆ ತೊಂದರೆಗಳಿಂದ ಇದನ್ನು ಬೇರ್ಪಡಿಸಬಹುದು. ಗಾತ್ರ ಸರಿಯಾಗಿದ್ದು ಡಿಸ್ಕ್ ಖಾಲಿ ಎಂದು ಕಂಡರೆ ಹಾಳಾಗಿರುವುದು ಪಾರ್ಟಿಶನ್, ಅದನ್ನು ಸಾಫ್ಟ್‌ವೇರ್‌ನಿಂದ ಮರಳಿ ಪಡೆಯುವ ಆಸೆ ಇಟ್ಟುಕೊಳ್ಳಬಹುದು. ಕೇಬಲ್ ಸಡಿಲವಾಗಿದ್ದರೆ ಡಿಸ್ಕ್ ಬಂದು ಹೋಗುತ್ತಿರುತ್ತದೆ, ಗಾತ್ರ ಕುಗ್ಗುವುದಿಲ್ಲ. ಗಾತ್ರವೂ ಕುಗ್ಗಿ ಹೆಸರೋ ಸೀರಿಯಲ್ ನಂಬರೋ ಬದಲಾಗಿದ್ದರೆ ಮಾತ್ರ ಅದು ಕಂಟ್ರೋಲರ್‌ನ ಕತೆ. ಆಗ ‘ಇನಿಶಿಯಲೈಸ್ ಮಾಡಲೇ, ಫಾರ್ಮ್ಯಾಟ್ ಮಾಡಲೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನುವುದೇ ಒಳ್ಳೆಯದು. ಕಳೆದ ಕಡತ ಹುಡುಕುವ ಸಾಫ್ಟ್‌ವೇರ್ ಓಡಿಸಿಯೂ ಪ್ರಯೋಜನವಿಲ್ಲ, ಕಂಟ್ರೋಲರ್ ಬಾಗಿಲು ತೆರೆದರೆ ತಾನೇ ಅದು ಒಳಗೆ ನೋಡುವುದು.

ಹಾಗಾದರೆ ಚಿಪ್‌ಗಳನ್ನೇ ಬಿಚ್ಚಿ ನೇರವಾಗಿ ಓದಬಾರದೇಕೆ? ದತ್ತಾಂಶ ಅಲ್ಲೇ ಇದೆಯಲ್ಲ. ಹಳೆಯ ಪೆನ್‌ಡ್ರೈವ್‌ಗಳಲ್ಲಿ ಈ ದಾರಿ ನಡೆಯುತ್ತಿತ್ತು. ಪ್ರತಿ ಪುಟದ ಅಂಚಿನಲ್ಲಿ ಕಂಟ್ರೋಲರ್ ತನಗಾಗಿ ಬರೆದುಕೊಳ್ಳುವ ಟಿಪ್ಪಣಿಗಳಿಂದ ಪಟ್ಟಿಯನ್ನು ಮತ್ತೆ ಕಟ್ಟಲು ಪರಿಣತರು ಯತ್ನಿಸುತ್ತಾರೆ. 320ರಲ್ಲಿ ಇನ್ನೊಂದು ಗೋಡೆ ಇತ್ತು. ಅದು ಬರೆಯುವ ಎಲ್ಲವನ್ನೂ 128 ಬಿಟ್‌ನ ಎಇಎಸ್ ಗೂಢಲಿಪಿಯಲ್ಲೇ ಬರೆಯುತ್ತಿತ್ತು, ಬಳಕೆದಾರ ಪಾಸ್‌ವರ್ಡ್ ಇಡಲಿ ಬಿಡಲಿ. ಕೀಲಿ ಡಿಸ್ಕಿನೊಳಗೇ ಇರುತ್ತದೆ, ಅದನ್ನು ಬಳಸಬಲ್ಲದ್ದು ಕಂಟ್ರೋಲರ್ ಒಂದೇ. ಬಿಚ್ಚಿದ ಚಿಪ್‌ನಿಂದ ಸಿಗುವುದು ಅರ್ಥವಿಲ್ಲದ ಬೈಟ್‌ಗಳ ರಾಶಿ.

ಇಂಟೆಲ್ 2011ರ ಜುಲೈನಲ್ಲಿ ದೋಷವನ್ನು ಒಪ್ಪಿಕೊಂಡು ಆಗಸ್ಟ್‌ನಲ್ಲಿ ಹೊಸ ಫರ್ಮ್‌ವೇರ್ ಕೊಟ್ಟಿತು, ಆವೃತ್ತಿ `4PC10362`. ಅದು ದೋಷ ಬಾರದಂತೆ ತಡೆಯಲು ಬಂದದ್ದು, ಆಗಲೇ 8 ಎಂಬಿ ಆದ ಡಿಸ್ಕಿನಿಂದ ಕಡತಗಳನ್ನು ಹೊರತೆಗೆಯಲು ಅಲ್ಲ. ಅಂಥ ಡಿಸ್ಕಿಗೆ ಉಳಿದದ್ದು ಸೆಕ್ಯೂರ್ ಇರೇಸ್ ಎಂಬ ಆದೇಶ. ಅದು ಹಳೆಯ ಲೆಕ್ಕವನ್ನು ಪೂರ್ತಿ ಕೈಬಿಟ್ಟು ಹೊಸ ಖಾಲಿ ಪಟ್ಟಿ ಕಟ್ಟಿಸುತ್ತದೆ. ಕೆಲಸ ಮುಗಿದ ಮೇಲೆ 160 ಜಿಬಿ ಗಾತ್ರವೂ ಹಳೆಯ ಸೀರಿಯಲ್ ನಂಬರೂ ಮರಳುತ್ತವೆ, ದತ್ತಾಂಶ ಮರಳುವುದಿಲ್ಲ. ಕಡತಗಳು ಬೇಕೇಬೇಕು ಎನ್ನುವವರು ಆ ಆದೇಶ ಕೊಡುವ ಮುಂಚೆಯೇ ದತ್ತಾಂಶ ಮರಳಿಸುವ ಪ್ರಯೋಗಾಲಯಕ್ಕೆ ಡಿಸ್ಕ್ ತೋರಿಸಬೇಕು.

ಡಿಸ್ಕ್ ಇನ್ನೂ ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಬಹುದಾದ ಒಂದು ಎಣಿಕೆಯೂ ಇದೆ. ಇದೇ ಸರಣಿಯಲ್ಲಿ `smartctl -A` ಎಂದು ಕೇಳಿದರೆ 192ನೇ ಸಾಲಿನಲ್ಲಿ `Unsafe_Shutdown_Count` ಬರುತ್ತದೆ. ಮುನ್ಸೂಚನೆಯಿಲ್ಲದೆ ಎಷ್ಟು ಸಲ ಕರೆಂಟ್ ಹೋಗಿದೆ ಎಂಬ ಲೆಕ್ಕ ಅದು. ಶಟ್‌ಡೌನ್ ಮಾಡಿಯೇ ಆಫ್ ಮಾಡುತ್ತೇನೆ ಎನ್ನುವವರ ಯಂತ್ರದಲ್ಲೂ ಈ ಸಂಖ್ಯೆ ಏರುತ್ತಲೇ ಇದ್ದರೆ ಪವರ್ ಸಪ್ಲೈ, ಪವರ್ ಕೇಬಲ್, ಯುಪಿಎಸ್‌ನ ಬ್ಯಾಟರಿ ಮೂರನ್ನೂ ಒಮ್ಮೆ ಪರೀಕ್ಷಿಸಬೇಕು.